ತೂಗುಬಿಟ್ಟ ತೂಕ, ನಿಂತ ಸೂಚಿ: ಸ್ಪ್ರಿಂಗ್‌ನ ಬಿಗಿತವನ್ನು ಸರಿಯಾಗಿ ಅಳೆಯುವ ಕ್ರಮ

ಮಡಿಕೇರಿಯಲ್ಲಿ ಪದವಿಪೂರ್ವ ತರಗತಿಗಳಿಗೆ ಭೌತವಿಜ್ಞಾನ ಕಲಿಸುವ ನನ್ನ ಮುಂದೆ ಒಬ್ಬ ವಿದ್ಯಾರ್ಥಿನಿ ತನ್ನ ಪ್ರಯೋಗದ ಪುಸ್ತಕವನ್ನು ತೆರೆದಿಟ್ಟು ಕೇಳಿದ್ದಳು: "ಸರ್, 50 ಗ್ರಾಂ ಹಾಕಿದಾಗ k ಬೆಲೆ 61 ಬಂತು, 300 ಗ್ರಾಂ ಹಾಕಿದಾಗ 27 ಬಂತು. ಸ್ಪ್ರಿಂಗ್ ಒಂದೇ ಅಲ್ವಾ? ಯಾವುದನ್ನು ಬರೆಯಲಿ?" ಅವಳು ಅಳತೆಯಲ್ಲಿ ತಪ್ಪಿರಲಿಲ್ಲ, ಲೆಕ್ಕದಲ್ಲಿಯೂ ತಪ್ಪಿರಲಿಲ್ಲ. ಆದರೂ ಆ ಎರಡರಲ್ಲಿ ಒಂದೂ ಆ ಸ್ಪ್ರಿಂಗ್‌ನ ಬಿಗಿತವಾಗಿರಲಿಲ್ಲ. ನಿಜವಾದ ಬೆಲೆ 24.5ರ ಆಸುಪಾಸಿನಲ್ಲಿತ್ತು. ಅದು ಹೇಗೆ ಎಂಬುದನ್ನು ಅದೇ ಸ್ಪ್ರಿಂಗ್‌ನ ಅಳತೆಗಳನ್ನು ಇಟ್ಟುಕೊಂಡು ಇಲ್ಲಿ ಮೊದಲಿನಿಂದ ವಿವರಿಸುತ್ತೇನೆ.

ಯಾವುದನ್ನು ಅಳೆಯುತ್ತಿದ್ದೇವೆ

ಸ್ಪ್ರಿಂಗ್‌ನ ಕೆಳತುದಿಗೆ m ದ್ರವ್ಯರಾಶಿಯ ವಸ್ತುವನ್ನು ತೂಗುಹಾಕಿದಾಗ ಅದರ ತೂಕವಾದ mg ಕೆಳಕ್ಕೆ ಎಳೆಯುತ್ತದೆ, ಹಿಗ್ಗಿದ ಸ್ಪ್ರಿಂಗ್ ಮೇಲಕ್ಕೆ ಎಳೆಯುತ್ತದೆ. ವಸ್ತು ಅಲುಗಾಡದೆ ನಿಂತಿದೆ ಎಂದರೆ ಈ ಎರಡು ಬಲಗಳು ಸಮವಾಗಿವೆ ಎಂದರ್ಥ. ಸ್ಪ್ರಿಂಗ್‌ನ ಎಳೆತವು ಅದರ ಹಿಗ್ಗುವಿಕೆ xಗೆ ನೇರ ಅನುಪಾತದಲ್ಲಿದ್ದರೆ ಈ ಸಮತೋಲವನ್ನು ಹೀಗೆ ಬರೆಯಬಹುದು:

```
mg = kx
```

ಇಲ್ಲಿನ k ಎಂಬುದೇ ಸ್ಪ್ರಿಂಗ್ ಸ್ಥಿರಾಂಕ, ಅಂದರೆ ಬಿಗಿತ. ಸ್ಪ್ರಿಂಗನ್ನು ಒಂದು ಮೀಟರ್ ಹಿಗ್ಗಿಸಲು ಎಷ್ಟು ನ್ಯೂಟನ್ ಬಲ ಬೇಕು ಎಂಬುದನ್ನು ಅದು ಹೇಳುತ್ತದೆ. ಅದರ ಏಕಮಾನ ನ್ಯೂಟನ್ ಪ್ರತಿ ಮೀಟರ್, N/m. ಈ ಸಮೀಕರಣವನ್ನು ನೋಡಿದ ಕೂಡಲೇ ಒಂದು ತೂಕ ಹಾಕಿ, ಒಂದು ಹಿಗ್ಗುವಿಕೆ ಅಳೆದು, ಭಾಗಿಸಿಬಿಟ್ಟರೆ ಮುಗಿಯಿತು ಎಂದು ಅನ್ನಿಸುವುದು ಸಹಜ, ಮತ್ತು ತೊಂದರೆ ಹುಟ್ಟುವುದೂ ಅಲ್ಲಿಯೇ. ಆ ಸಮೀಕರಣವು ಮೊದಲ ಗ್ರಾಂನಿಂದಲೇ ಹಿಗ್ಗತೊಡಗುವ ಸ್ಪ್ರಿಂಗ್‌ಗೆ ಮಾತ್ರ ಹೊಂದುತ್ತದೆ. ನಮ್ಮ ಕೈಗೆ ಸಿಗುವ ಬಹಳಷ್ಟು ಸ್ಪ್ರಿಂಗ್‌ಗಳು ಹಾಗಿರುವುದಿಲ್ಲ.

ಜೋಡಣೆ

ಬೇಕಾಗುವುದು ಇಷ್ಟು: ಭಾರವಾದ ಅಡಿಯುಳ್ಳ ಸ್ಟ್ಯಾಂಡ್ ಮತ್ತು ಕ್ಲ್ಯಾಂಪ್, ಸುರುಳಿ ಸ್ಪ್ರಿಂಗ್, ಮಿಲಿಮೀಟರ್ ಗೆರೆಗಳಿರುವ ಮೀಟರ್ ಸ್ಕೇಲ್, 50 ಗ್ರಾಂ ತೂಗುವ ಹ್ಯಾಂಗರ್, ಅದರ ಮೇಲೆ ಸೇರಿಸಲು ತಲಾ 50 ಗ್ರಾಂನ ಸೀಳಿರುವ ಐದು ತೂಕದ ಬಿಲ್ಲೆಗಳು, ಮತ್ತು ಸೂಚಿಯಾಗಿ ಅಂಟಿಸಲು ಗಟ್ಟಿ ಕಾಗದದ ಕಿರಿದಾದ ಪಟ್ಟಿ.

ಬಿಲ್ಲೆಗಳ ಮೇಲೆ ಅಚ್ಚಾಗಿರುವ ಅಂಕಿಯನ್ನು ಕೊಡಗಿನಲ್ಲಿ ಹಾಗೆಯೇ ನಂಬಬಾರದು ಎಂಬುದು ನನ್ನ ಅನುಭವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಈ ಊರಿನಲ್ಲಿ ಮರದ ಪೆಟ್ಟಿಗೆಯಲ್ಲಿಟ್ಟ ಕಬ್ಬಿಣದ ಬಿಲ್ಲೆಗಳಿಗೆ ತುಕ್ಕು ಹಿಡಿಯುತ್ತದೆ, ಮುಂದೆ ಯಾರೋ ಮರಳು ಕಾಗದದಿಂದ ಉಜ್ಜಿದಾಗ ತುಕ್ಕಿನ ಜೊತೆಗೆ ತೂಕವೂ ಹೋಗುತ್ತದೆ. ನಾನು ಬಳಸಿದ ಪೆಟ್ಟಿಗೆಯಲ್ಲಿ ಒಂದು ಬಿಲ್ಲೆ 48.6 ಗ್ರಾಂ ಮಾತ್ರ ಇತ್ತು, ಅಂದರೆ ಶೇಕಡಾ ಮೂರರ ಹತ್ತಿರದ ಕೊರತೆ. ಆದ್ದರಿಂದ ಪ್ರತಿ ಬಿಲ್ಲೆಯನ್ನೂ ಹ್ಯಾಂಗರನ್ನೂ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ನಿಜವಾದ ಬೆಲೆಯನ್ನು ಬರೆದಿಟ್ಟುಕೊಳ್ಳಿ. ಬಿಲ್ಲೆಗಳೇ ಇಲ್ಲದಿದ್ದರೆ ಹಗುರವಾದ ಪ್ಲಾಸ್ಟಿಕ್ ಬಾಟಲಿಯನ್ನು ತೂಗುಹಾಕಿ, ಔಷಧಿಯ ಸಿರಿಂಜಿನಿಂದ ಅಳೆದು ನೀರು ಸೇರಿಸಬಹುದು. 50 ಮಿಲಿಲೀಟರ್ ನೀರು ಈ ಕೆಲಸಕ್ಕೆ ಸಾಕಾಗುವಷ್ಟು ನಿಖರವಾಗಿ 50 ಗ್ರಾಂ ತೂಗುತ್ತದೆ. ಮನೆಯಲ್ಲಿ ಸುಲಭವಾಗಿ ಸಿಗುತ್ತದೆಂದು ಕಾಫಿ ಬೀಜವನ್ನೋ ಕರಿಮೆಣಸನ್ನೋ ಪೊಟ್ಟಣ ಕಟ್ಟಿ ಬಳಸಬೇಡಿ. ಅವು ಮಳೆಗಾಲದ ಗಾಳಿಯಿಂದ ತೇವ ಹೀರಿ ತೂಕ ಬದಲಿಸುತ್ತವೆ.

ಕ್ಲ್ಯಾಂಪಿನ ಸರಳಿಗೆ ಸ್ಪ್ರಿಂಗ್‌ನ ಮೇಲಿನ ಕೊಕ್ಕೆಯನ್ನು ಸಿಕ್ಕಿಸಿ, ಅದು ಜಾರದಂತೆ ನೂಲಿನಿಂದ ಕಟ್ಟಿ. ಸ್ಕೇಲನ್ನು ಸ್ಪ್ರಿಂಗ್‌ನ ಪಕ್ಕದಲ್ಲಿ, ಅಂಕಿಗಳು ಕೆಳಮುಖವಾಗಿ ಹೆಚ್ಚುವಂತೆ ನಿಲ್ಲಿಸಿ. ನೂಲಿನ ತುದಿಗೆ ಚಿಕ್ಕ ಕಲ್ಲು ಕಟ್ಟಿ ಇಳಿಬಿಟ್ಟು, ಸ್ಕೇಲಿನ ಅಂಚು ಆ ನೂಲಿಗೆ ಸಮಾನಾಂತರವಾಗಿದೆಯೇ ಎಂದು ಎದುರಿನಿಂದಲೂ ಪಕ್ಕದಿಂದಲೂ ನೋಡಿ. ಸೂಚಿಯನ್ನು ಸ್ಪ್ರಿಂಗ್‌ನ ಕೆಳಗಿನ ಕೊಕ್ಕೆಗೆ ಅಂಟಿಸಬೇಕು, ಹ್ಯಾಂಗರ್‌ಗೆ ಅಲ್ಲ, ಏಕೆಂದರೆ ಹ್ಯಾಂಗರ್ ಓಲಿದಾಗಲೆಲ್ಲ ಸೂಚಿಯೂ ಓಲುತ್ತದೆ. ಸೂಚಿಯ ತುದಿ ಸ್ಕೇಲನ್ನು ಮುಟ್ಟಬಾರದು, ಆದರೆ ಅದರಿಂದ ಒಂದೆರಡು ಮಿಲಿಮೀಟರ್‌ಗಿಂತ ದೂರವೂ ಇರಬಾರದು. ಕಣ್ಣು ಸೂಚಿಯ ಮಟ್ಟಕ್ಕಿಂತ ಮೇಲಿದ್ದರೆ ರೀಡಿಂಗ್ ಹೆಚ್ಚಾಗಿ, ಕೆಳಗಿದ್ದರೆ ಕಡಿಮೆಯಾಗಿ ಕಾಣುತ್ತದೆ. ಸ್ಕೇಲಿನ ಪಕ್ಕದಲ್ಲಿ ಕನ್ನಡಿಯ ಪಟ್ಟಿಯೊಂದನ್ನು ನಿಲ್ಲಿಸಿ, ಸೂಚಿಯು ತನ್ನ ಬಿಂಬವನ್ನು ಪೂರ್ತಿಯಾಗಿ ಮರೆಮಾಡುವಂತೆ ಕಣ್ಣನ್ನು ಇಟ್ಟು ಓದಿದರೆ ಈ ದೋಷ ಉಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಒಮ್ಮೆ ನಾನು ಮನೆಯಲ್ಲಿ ಇದೇ ಪ್ರಯೋಗವನ್ನು ಮಾಡಲು ಸ್ಪ್ರಿಂಗನ್ನು ಅಡುಗೆಮನೆಯ ತೆಳು ಹಲಗೆಯ ಅಂಚಿಗೆ ಮೊಳೆ ಹೊಡೆದು ತೂಗುಹಾಕಿದ್ದೆ. ಗ್ರಾಫ್ ಗೆರೆ ಎಳೆದಂತೆ ನೇರವಾಗಿ ಬಂತು, ಆದರೆ k ಬೆಲೆ ಕಾಲೇಜಿನಲ್ಲಿ ಸಿಕ್ಕಿದ್ದಕ್ಕಿಂತ ಶೇಕಡಾ ಮೂರು ಕಡಿಮೆಯಾಗಿತ್ತು. ಎಷ್ಟು ಬಾರಿ ಮಾಡಿದರೂ ಅಷ್ಟೇ. ಕೊನೆಗೆ ಮೇಲಿನ ಕೊಕ್ಕೆಗೂ ಒಂದು ಕಾಗದದ ಸೂಚಿ ಅಂಟಿಸಿ ನೋಡಿದಾಗ, 50 ಗ್ರಾಂನಿಂದ 300 ಗ್ರಾಂಗೆ ಹೋಗುವಷ್ಟರಲ್ಲಿ ಹಲಗೆಯೇ 3 ಮಿಲಿಮೀಟರ್ ಕೆಳಗೆ ಬಾಗುತ್ತಿದ್ದುದು ಕಾಣಿಸಿತು. ಹಲಗೆಯೂ ತೂಕಕ್ಕೆ ತಕ್ಕಂತೆ ಬಾಗುವುದರಿಂದ ಅದು ಮತ್ತೊಂದು ಸ್ಪ್ರಿಂಗ್‌ನಂತೆ ವರ್ತಿಸುತ್ತದೆ, ಹಾಗಾಗಿ ಗ್ರಾಫ್ ನೇರವಾಗಿಯೇ ಉಳಿದು ತಪ್ಪನ್ನು ಬಚ್ಚಿಡುತ್ತದೆ. ಅಂದಿನಿಂದ ಮೇಲಿನ ತುದಿಯ ಸೂಚಿಯನ್ನು ನಾನು ಬಿಟ್ಟಿಲ್ಲ. ಅತಿ ಹೆಚ್ಚು ತೂಕ ಹಾಕಿದಾಗ ಅದು ಕದಲದಿದ್ದರೆ ಜೋಡಣೆ ಗಟ್ಟಿಯಾಗಿದೆ. ಕದಲಿದರೆ ಕ್ಲ್ಯಾಂಪಿನ ಸರಳನ್ನು ಗಿಡ್ಡ ಮಾಡಿ ಬಿಗಿಯಬೇಕು, ಅಥವಾ ಎರಡೂ ಸೂಚಿಗಳನ್ನು ಓದಿ ವ್ಯತ್ಯಾಸವನ್ನು ಬಳಸಬೇಕು.

ಅಳತೆ

ಮೊದಲು ಏನನ್ನೂ ತೂಗುಹಾಕದೆ ಸೂಚಿಯ ಸ್ಥಾನವನ್ನು ಓದಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು 32.0 ಸೆಂಟಿಮೀಟರ್. ಈಗ ಹ್ಯಾಂಗರನ್ನು ಸಿಕ್ಕಿಸಿ, ಅಂಗೈಯಿಂದ ಕೆಳಗೆ ಆಧಾರ ಕೊಟ್ಟುಕೊಂಡು ನಿಧಾನವಾಗಿ ಇಳಿಸಿ, ಸ್ಪ್ರಿಂಗ್ ಪೂರ್ತಿ ಭಾರ ಹೊತ್ತ ಮೇಲೆ ಕೈ ತೆಗೆಯಿರಿ. ಕೈಯನ್ನು ಒಮ್ಮೆಲೇ ತೆಗೆದರೆ ತೂಕ ಕೆಳಕ್ಕೆ ಧಾವಿಸಿ, ಸಮತೋಲದ ಸ್ಥಾನವನ್ನು ದಾಟಿ, ಸ್ಪ್ರಿಂಗ್ ಸಮತೋಲದಲ್ಲಿ ಹಿಗ್ಗುವುದರ ಎರಡರಷ್ಟು ಹಿಗ್ಗಿ ಮತ್ತೆ ಮೇಲೇರುತ್ತದೆ. ಆ ಕೆಳಗಿನ ತುದಿಯಲ್ಲಿ ತೂಕ ಕ್ಷಣಮಾತ್ರ ನಿಂತಂತೆ ಕಾಣುವುದು ನಿಜ, ಆದರೆ ಅಲ್ಲಿ ಬಲಗಳು ಸಮವಾಗಿರುವುದಿಲ್ಲ. ಸ್ಪ್ರಿಂಗ್‌ನ ಎಳೆತ ತೂಕವನ್ನು ಮೀರಿರುವುದರಿಂದಲೇ ಅದು ಮೇಲಕ್ಕೆ ಮರಳುತ್ತದೆ. ಆ ಸ್ಥಾನವನ್ನು ಓದಿಕೊಂಡವರಿಗೆ ಬಿಗಿತವು ಅರ್ಧದಷ್ಟೇ ಸಿಗುತ್ತದೆ. ಆಂದೋಲನ ಪೂರ್ತಿ ನಿಲ್ಲುವವರೆಗೆ ಕಾಯಬೇಕು, ಬೇಕಿದ್ದರೆ ಹ್ಯಾಂಗರ್‌ನ ಬದಿಗೆ ಬೆರಳನ್ನು ಮೃದುವಾಗಿ ತಾಗಿಸಿ ನಿಲ್ಲಿಸಿ, ಬೆರಳು ತೆಗೆದ ಮೇಲೆ ಓದಬೇಕು. ಆಷಾಢದ ಗಾಳಿ ಬೀಸುವ ದಿನ ಕಿಟಕಿ ಮುಚ್ಚದೆ ಈ ಕೆಲಸಕ್ಕೆ ಕೂರಬೇಡಿ.

ಹೀಗೆಯೇ ಒಂದೊಂದು ಬಿಲ್ಲೆಯನ್ನು ಸೇರಿಸುತ್ತಾ 300 ಗ್ರಾಂವರೆಗೆ ಹೋಗಿ, ಅನಂತರ ಒಂದೊಂದನ್ನೇ ತೆಗೆಯುತ್ತಾ ಅದೇ ಸ್ಥಾನಗಳನ್ನು ಮತ್ತೊಮ್ಮೆ ಓದಿ. ದ್ರವ್ಯರಾಶಿ ಎಂದು ಬರೆಯುವಾಗ ಹ್ಯಾಂಗರ್‌ನ 50 ಗ್ರಾಂ ಅದರಲ್ಲಿ ಸೇರಿರಲಿ. ನಮ್ಮ ಸ್ಪ್ರಿಂಗ್‌ಗೆ ಸಿಕ್ಕ ರೀಡಿಂಗ್‌ಗಳು ಇವು:

| ದ್ರವ್ಯರಾಶಿ (ಗ್ರಾಂ) | ಏರಿಸುವಾಗ (ಸೆಂ.ಮೀ.) | ಇಳಿಸುವಾಗ (ಸೆಂ.ಮೀ.) | ಸರಾಸರಿ (ಸೆಂ.ಮೀ.) |
|---|---|---|---|
| 50 | 32.8 | 32.8 | 32.80 |
| 100 | 34.7 | 34.8 | 34.75 |
| 150 | 36.8 | 36.8 | 36.80 |
| 200 | 38.8 | 38.7 | 38.75 |
| 250 | 40.7 | 40.8 | 40.75 |
| 300 | 42.8 | 42.8 | 42.80 |

ಇಳಿಸುವಾಗ ಓದುವುದು ಸರಾಸರಿ ತೆಗೆಯುವುದಕ್ಕಾಗಿ ಮಾತ್ರವಲ್ಲ. ಸ್ಪ್ರಿಂಗ್ ತನ್ನ ಸ್ಥಿತಿಸ್ಥಾಪಕ ಮಿತಿಯೊಳಗೇ ಇದೆಯೇ ಎಂಬುದಕ್ಕೆ ಅದೇ ಸಾಕ್ಷಿ. ಎರಡೂ ಸಾಲುಗಳು ಒಂದು ಮಿಲಿಮೀಟರಿನೊಳಗೆ ಹೊಂದಿಕೊಂಡು, ಎಲ್ಲವನ್ನೂ ತೆಗೆದ ಮೇಲೆ ಸೂಚಿ ಮತ್ತೆ 32.0ಕ್ಕೆ ಬಂದರೆ ಸ್ಪ್ರಿಂಗ್‌ಗೆ ಏನೂ ಆಗಿಲ್ಲ. ಮಿತಿ ಮೀರಿದ್ದರೆ ಅದರ ಗುರುತು ಮೊದಲೇ ಕಾಣಿಸುತ್ತದೆ: ಪ್ರತಿ 50 ಗ್ರಾಂಗೆ ಎರಡು ಸೆಂಟಿಮೀಟರ್ ಇಳಿಯುತ್ತಿದ್ದ ಸೂಚಿ ಒಮ್ಮೆಲೇ ಎರಡೂವರೆಯಷ್ಟು ಇಳಿಯುತ್ತದೆ, ತೂಕ ತೆಗೆದಾಗ ಮೊದಲ ಸ್ಥಾನಕ್ಕೆ ಮರಳದೆ ಕೆಳಗೇ ಉಳಿಯುತ್ತದೆ. ಅಂಥ ರೀಡಿಂಗ್‌ಗಳನ್ನು ಲೆಕ್ಕಕ್ಕೆ ಸೇರಿಸಬಾರದು.

ಒಂದೇ ತೂಕದ ಲೆಕ್ಕ ಏಕೆ ಕೈಕೊಡುತ್ತದೆ

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಅವಳು ಪ್ರತಿ ಸಾಲಿನಲ್ಲಿಯೂ ಬರಿ ಸ್ಪ್ರಿಂಗ್‌ನ 32.0ರಿಂದ ಹಿಗ್ಗುವಿಕೆಯನ್ನು ಎಣಿಸಿ, mgಯನ್ನು ಅದರಿಂದ ಭಾಗಿಸಿದ್ದಳು. 50 ಗ್ರಾಂಗೆ ಹಿಗ್ಗುವಿಕೆ 0.8 ಸೆಂಟಿಮೀಟರ್, ಹಾಗಾಗಿ k ಸುಮಾರು 61. 100 ಗ್ರಾಂಗೆ ಸುಮಾರು 36, 200 ಗ್ರಾಂಗೆ 29, 300 ಗ್ರಾಂಗೆ 27. ತೂಕ ಹೆಚ್ಚಿದಂತೆ k ಇಳಿಯುತ್ತಾ ಹೋಗಿ, ಕ್ರಮೇಣ ಒಂದು ಬೆಲೆಯ ಕಡೆಗೆ ಸರಿಯುತ್ತಿದೆ. ಈ ಮಾದರಿಯನ್ನು ಕಂಡರೆ ಅದು ಓದಿದವರ ಕಣ್ಣಿನ ತಪ್ಪಲ್ಲ ಎಂದು ತಿಳಿಯಬೇಕು. ಕಣ್ಣಿನ ತಪ್ಪಾಗಿದ್ದರೆ ಬೆಲೆಗಳು ಹೆಚ್ಚುಕಡಿಮೆ ಅಡ್ಡಾದಿಡ್ಡಿಯಾಗಿ ಬರುತ್ತಿದ್ದವು, ಹೀಗೆ ಒಂದೇ ದಿಕ್ಕಿನಲ್ಲಿ ಇಳಿಯುತ್ತಿರಲಿಲ್ಲ.

ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡಿದರೆ ಕಾರಣ ಸಿಗುತ್ತದೆ. ತೂಕವಿಲ್ಲದಾಗ ಅದರ ಸುರುಳಿಗಳ ನಡುವೆ ಬೆಳಕು ತೂರುವುದಿಲ್ಲ, ಒಂದಕ್ಕೊಂದು ಒತ್ತಿಕೊಂಡು ಕೊಳವೆಯಂತೆ ಕೂತಿರುತ್ತವೆ. ಎಳೆಯುವುದಕ್ಕೆಂದು ಮಾಡುವ ಇಂಥ ಸ್ಪ್ರಿಂಗ್‌ಗಳನ್ನು ಸುತ್ತುವಾಗಲೇ ತಂತಿಗೆ ತಿರುಚು ಕೊಟ್ಟಿರುತ್ತಾರೆ, ಆದ್ದರಿಂದ ಸುರುಳಿಗಳು ಪರಸ್ಪರ ಒತ್ತಿಕೊಂಡೇ ಇರುತ್ತವೆ. ಇದಕ್ಕೆ ಆರಂಭಿಕ ಸೆಳೆತ ಎನ್ನೋಣ. ಹಾಕಿದ ತೂಕ ಈ ಸೆಳೆತವನ್ನು ಮೀರುವವರೆಗೆ ಸ್ಪ್ರಿಂಗ್ ಬಾಯಿ ಬಿಡುವುದಿಲ್ಲ. ಮೀರಿದ ಭಾಗ ಮಾತ್ರ ಹಿಗ್ಗಿಸುವ ಕೆಲಸಕ್ಕೆ ಬರುತ್ತದೆ. ಆರಂಭಿಕ ಸೆಳೆತವನ್ನು F₀ ಎಂದು ಕರೆದರೆ ಸಮತೋಲದ ನಿಜವಾದ ಸಮೀಕರಣ ಹೀಗಿರುತ್ತದೆ:

```
mg = F₀ + kx
```

ಕಡಿಮೆ ತೂಕದಲ್ಲಿ F₀ನ ಪಾಲು ದೊಡ್ಡದು, ಹೆಚ್ಚು ತೂಕದಲ್ಲಿ ಚಿಕ್ಕದು. 61ರಿಂದ 27ಕ್ಕೆ ಇಳಿದದ್ದು ಇದರಿಂದಲೇ. ಮೊದಲಿನಿಂದಲೇ ಸುರುಳಿಗಳ ನಡುವೆ ಬಿಡುವಿರುವ ಸ್ಪ್ರಿಂಗ್‌ನಲ್ಲಿ ಈ ಸೆಳೆತ ಇರುವುದಿಲ್ಲ. ಆದರೆ ಸ್ಪ್ರಿಂಗ್ ಯಾವ ಬಗೆಯದೆಂದು ಮೊದಲೇ ನಿರ್ಧರಿಸುವ ಅಗತ್ಯವಿಲ್ಲ, ಮುಂದಿನ ಕ್ರಮ ಎರಡಕ್ಕೂ ಸರಿಹೊಂದುತ್ತದೆ.

ಇಳಿಜಾರಿನಿಂದ k

ಸುರುಳಿಗಳು ತೆರೆದುಕೊಂಡ ಮೇಲೆ ಪ್ರತಿ ಹೆಚ್ಚುವರಿ ತೂಕವೂ ತನ್ನ ಪಾಲಿನ ಹಿಗ್ಗುವಿಕೆಯನ್ನು ತಪ್ಪದೆ ಕೊಡುತ್ತದೆ. ಆದ್ದರಿಂದ ಒಟ್ಟು ತೂಕವನ್ನು ಒಟ್ಟು ಹಿಗ್ಗುವಿಕೆಯಿಂದ ಭಾಗಿಸದೆ, ತೂಕದಲ್ಲಾದ ಹೆಚ್ಚಳವನ್ನು ರೀಡಿಂಗ್‌ನಲ್ಲಾದ ಹೆಚ್ಚಳದಿಂದ ಭಾಗಿಸಬೇಕು. ಹೀಗೆ ಮಾಡಿದಾಗ F₀ ಎರಡೂ ಕಡೆ ಇದ್ದು ಕಳೆದುಹೋಗುತ್ತದೆ. ಹ್ಯಾಂಗರ್‌ನ ತೂಕವೂ, ಸ್ಪ್ರಿಂಗ್ ತನ್ನ ಸ್ವಂತ ಭಾರದಿಂದ ಹಿಗ್ಗಿರಬಹುದಾದಷ್ಟೂ, ಸ್ಕೇಲಿನ ಸೊನ್ನೆ ಎಲ್ಲಿದೆ ಎಂಬುದೂ ಅದೇ ರೀತಿ ಲೆಕ್ಕದಿಂದ ಹೊರಗೆ ಹೋಗುತ್ತವೆ.

ಗ್ರಾಫ್ ಹಾಳೆಯಲ್ಲಿ ದ್ರವ್ಯರಾಶಿಯನ್ನು ಅಡ್ಡಕ್ಕೆ, ಸೂಚಿಯ ರೀಡಿಂಗನ್ನು ಉದ್ದಕ್ಕೆ ಗುರುತಿಸಿ, ಆರೂ ಬಿಂದುಗಳ ನಡುವೆ ಹಾಯುವ ನೇರ ಗೆರೆಯನ್ನು ಎಳೆಯಿರಿ. ತೂಕವಿಲ್ಲದ 32.0 ಬಿಂದುವನ್ನೂ ಗುರುತಿಸಿ, ಆದರೆ ಗೆರೆಯನ್ನು ಅದರ ಮೂಲಕ ಹಾಯಿಸಲು ಬಲವಂತ ಮಾಡಬೇಡಿ. ನಮ್ಮ ಗ್ರಾಫ್‌ನಲ್ಲಿ ಆ ಬಿಂದು ಗೆರೆಗಿಂತ ಸ್ಪಷ್ಟವಾಗಿ ಮೇಲೆ ನಿಲ್ಲುತ್ತದೆ.

ಅಂಕಿಗಳಿಂದಲೇ ಲೆಕ್ಕ ಮಾಡುವುದಾದರೆ ಪಕ್ಕಪಕ್ಕದ ಸಾಲುಗಳ ವ್ಯತ್ಯಾಸಗಳನ್ನು ತೆಗೆದು ಸರಾಸರಿ ಮಾಡುವ ರೂಢಿಯೊಂದಿದೆ. ಅದನ್ನು ಬಿಡುವುದು ಒಳ್ಳೆಯದು, ಏಕೆಂದರೆ ಕೂಡುವಾಗ ನಡುವಿನ ರೀಡಿಂಗ್‌ಗಳೆಲ್ಲ ಒಂದನ್ನೊಂದು ಕಳೆದು, ಮೊದಲನೆಯದು ಮತ್ತು ಕೊನೆಯದು ಮಾತ್ರ ಉಳಿಯುತ್ತವೆ. ನಾಲ್ಕು ರೀಡಿಂಗ್‌ಗಳ ಶ್ರಮ ವ್ಯರ್ಥವಾಗುತ್ತದೆ. ಅದರ ಬದಲು ನಡುವೆ ಎರಡು ಸಾಲು ಬಿಟ್ಟು ಜೋಡಿ ಮಾಡಿ: 50ಕ್ಕೆ 200, 100ಕ್ಕೆ 250, 150ಕ್ಕೆ 300. ಆಗ ಪ್ರತಿ ರೀಡಿಂಗ್ ಒಮ್ಮೆ ಬಳಕೆಯಾಗುತ್ತದೆ. ನಮ್ಮ ಮೂರು ಜೋಡಿಗಳ ವ್ಯತ್ಯಾಸಗಳು 5.95, 6.00 ಮತ್ತು 6.00 ಸೆಂಟಿಮೀಟರ್, ಸರಾಸರಿ 5.98. ಅಂದರೆ 150 ಗ್ರಾಂ ಹೆಚ್ಚಿಸಿದರೆ ಸ್ಪ್ರಿಂಗ್ 5.98 ಸೆಂಟಿಮೀಟರ್ ಹೆಚ್ಚು ಹಿಗ್ಗುತ್ತದೆ. ಗ್ರಾಂಗಳನ್ನು ಕಿಲೋಗ್ರಾಂಗೆ, ಸೆಂಟಿಮೀಟರ್‌ಗಳನ್ನು ಮೀಟರ್‌ಗೆ ಬದಲಿಸಿಕೊಂಡು:

```
k = (0.150 × 9.78) / 0.0598 = 24.5 N/m
```

ಇಲ್ಲಿ gಗೆ 9.8 ಎಂದಾಗಲಿ 9.81 ಎಂದಾಗಲಿ ಬರೆಯದೆ 9.78 ಮೀಟರ್ ಪ್ರತಿ ಸೆಕೆಂಡ್ ವರ್ಗ ಎಂದು ಬರೆದದ್ದಕ್ಕೆ ಕಾರಣವಿದೆ. ಭೂಮಧ್ಯರೇಖೆಗೆ ಹತ್ತಿರವಾದಂತೆಯೂ, ಸಮುದ್ರಮಟ್ಟದಿಂದ ಮೇಲೇರಿದಂತೆಯೂ ಗುರುತ್ವ ಸ್ವಲ್ಪ ಕಡಿಮೆಯಾಗುತ್ತದೆ. ಮಡಿಕೇರಿ ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ g 9.78ರಷ್ಟು. 9.81 ಹಾಕಿದರೆ kಯಲ್ಲಿ ಶೇಕಡಾ 0.3ರಷ್ಟು ಏರುಪೇರಾಗುತ್ತದೆ, ಅಷ್ಟೇ. ನಮ್ಮ ಪ್ರಯೋಗದಲ್ಲಿ ಅದು ದೊಡ್ಡದಲ್ಲ, ಆದರೆ ನಿಂತ ಊರಿನ ಬೆಲೆ ಗೊತ್ತಿರುವಾಗ ಅದನ್ನೇ ಬಳಸುವುದು ಸರಿ.

ಉತ್ತರವನ್ನು 24.5318 ಎಂದು ಕ್ಯಾಲ್ಕುಲೇಟರ್ ತೋರಿಸಿದಷ್ಟೂ ಬರೆಯುವುದು ಸರಿಯಲ್ಲ. ಒಂದೊಂದು ರೀಡಿಂಗ್‌ನಲ್ಲಿ ಅರ್ಧ ಮಿಲಿಮೀಟರಿನಷ್ಟು ಅನಿಶ್ಚಿತತೆ ಇದ್ದೇ ಇರುತ್ತದೆ. ಎರಡು ರೀಡಿಂಗ್‌ಗಳ ವ್ಯತ್ಯಾಸದಲ್ಲಿ ಅದು ಸುಮಾರು 0.7 ಮಿಲಿಮೀಟರ್ ಆಗುತ್ತದೆ, ಮೂರು ಜೋಡಿಗಳ ಸರಾಸರಿಯಲ್ಲಿ 0.4ಕ್ಕೆ ಇಳಿಯುತ್ತದೆ. ಸುಮಾರು 60 ಮಿಲಿಮೀಟರ್ ಹಿಗ್ಗುವಿಕೆಯಲ್ಲಿ ಅದು ಶೇಕಡಾ 0.7. ತೂಗಿ ನೋಡಿದ ಬಿಲ್ಲೆಗಳಲ್ಲಿ ಉಳಿಯುವ ತಪ್ಪು ಇದಕ್ಕಿಂತ ಬಹಳ ಚಿಕ್ಕದು. ಅವೆರಡನ್ನೂ ಸೇರಿಸಿ ಸ್ವಲ್ಪ ಉದಾರವಾಗಿ 24.5 ± 0.3 N/m ಎಂದು ಬರೆಯಬಹುದು. ಈ ಬೆಲೆ ಆ ಒಂದು ಸ್ಪ್ರಿಂಗ್‌ಗೆ, ಅದರ ಈಗಿನ ಉದ್ದಕ್ಕೆ ಸೇರಿದ್ದು. ಅದನ್ನೇ ಸರಿಯಾಗಿ ಅರ್ಧಕ್ಕೆ ಕತ್ತರಿಸಿದರೆ ಪ್ರತಿ ತುಂಡಿನ k ಎರಡರಷ್ಟಾಗುತ್ತದೆ, ಏಕೆಂದರೆ ಅದೇ ಎಳೆತಕ್ಕೆ ಹಿಗ್ಗಲು ಅರ್ಧದಷ್ಟು ಸುರುಳಿಗಳು ಮಾತ್ರ ಉಳಿದಿರುತ್ತವೆ.

ಆರಂಭಿಕ ಸೆಳೆತವನ್ನೂ ಓದಿಕೊಳ್ಳುವುದು

ಗ್ರಾಫ್‌ನ ಗೆರೆಯನ್ನು ಸ್ಕೇಲಿನಿಂದ ಹಿಂದಕ್ಕೆ ಮುಂದುವರಿಸಿ, ಅದು 32.0 ಸೆಂಟಿಮೀಟರ್ ಮಟ್ಟವನ್ನು ಎಲ್ಲಿ ಮುಟ್ಟುತ್ತದೆಂದು ನೋಡಿ. ನಮ್ಮ ಸ್ಪ್ರಿಂಗ್‌ಗೆ ಅದು 30 ಗ್ರಾಂನಲ್ಲಿ ಮುಟ್ಟುತ್ತದೆ. ಅಂದರೆ ಮೊದಲ 30 ಗ್ರಾಂ ಸುರುಳಿಗಳನ್ನು ಬಿಡಿಸುವುದಕ್ಕೇ ಖರ್ಚಾಗುತ್ತದೆ, F₀ ಸುಮಾರು 0.3 ನ್ಯೂಟನ್. ಇದನ್ನು ನೇರವಾಗಿ ಪರೀಕ್ಷಿಸಲೂಬಹುದು: ಹ್ಯಾಂಗರ್ ಬದಲು ನೂಲಿನಲ್ಲಿ 10 ಗ್ರಾಂ, ಆಮೇಲೆ 20 ಗ್ರಾಂ ಕಟ್ಟಿ ಇಳಿಬಿಟ್ಟಾಗ ಸೂಚಿ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. 40 ಗ್ರಾಂ ಕಟ್ಟಿದಾಗ ಸುರುಳಿಗಳ ನಡುವೆ ಕೂದಲೆಳೆಯಂಥ ಬೆಳಕಿನ ಗೆರೆಗಳು ಕಾಣತೊಡಗುತ್ತವೆ. ಎಲ್ಲ ಸುರುಳಿಗಳೂ ಒಂದೇ ಕ್ಷಣದಲ್ಲಿ ತೆರೆದುಕೊಳ್ಳುವುದಿಲ್ಲ. ತಮ್ಮ ಕೆಳಗಿನ ಸುರುಳಿಗಳ ಭಾರವನ್ನೂ ಹೊರುವ ಮೇಲಿನವು ತುಸು ಮೊದಲು ಬಿಡುತ್ತವೆ. ಹಾಗಾಗಿ ಸ್ಪ್ರಿಂಗ್ ಬಾಯಿ ಬಿಡುವ ಜಾಗದಲ್ಲಿ ಗ್ರಾಫ್ ಮೂಲೆಯಂತಿರದೆ ಸ್ವಲ್ಪ ದುಂಡಗಿರಬಹುದು. ನಿಮ್ಮ ಮೊದಲ ಬಿಂದು ಆ ದುಂಡಗಿನ ಭಾಗದಲ್ಲಿ ಬಿದ್ದು ಗೆರೆಯಿಂದ ಹೊರಗುಳಿದಿದ್ದರೆ, ಇಳಿಜಾರಿನ ಲೆಕ್ಕದಿಂದ ಅದನ್ನು ಕೈಬಿಟ್ಟು ಮೇಲ್ಗಡೆ ಒಂದು ತೂಕ ಹೆಚ್ಚಿಗೆ ಸೇರಿಸಿಕೊಳ್ಳಿ.

ಸಿಕ್ಕ ಫಲಿತಾಂಶವನ್ನು ಪರೀಕ್ಷಿಸಲು ಆ ದಿನ ನಾವು ಪ್ರಯೋಗಾಲಯದ ಬಾಗಿಲಿನ ಹಿತ್ತಾಳೆಯ ಬೀಗವನ್ನೇ ಸ್ಪ್ರಿಂಗ್‌ಗೆ ಸಿಕ್ಕಿಸಿದೆವು. ಸೂಚಿ 40.0ರಲ್ಲಿ ನಿಂತಿತು, ಹಿಗ್ಗುವಿಕೆ 8.0 ಸೆಂಟಿಮೀಟರ್. ವಿದ್ಯಾರ್ಥಿನಿ ಹೊಸ kಯನ್ನು ಹಳೆಯ mg = kx ಸಮೀಕರಣದಲ್ಲಿ ಹಾಕಿ ಬೀಗ 200 ಗ್ರಾಂ ಇರಬೇಕೆಂದಳು. ತಕ್ಕಡಿಯಲ್ಲಿಟ್ಟಾಗ ಅದು 230 ಗ್ರಾಂ ತೋರಿಸಿತು. ಅವಳು ಒಂದು ಕ್ಷಣ ಸುಮ್ಮನಿದ್ದು, ಗ್ರಾಫ್ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡು, ಹಿಂದಕ್ಕೆ ಎಳೆದ ಗೆರೆ 30 ಗ್ರಾಂನಲ್ಲಿ ಮುಟ್ಟಿದ್ದ ಜಾಗದ ಮೇಲೆ ಪೆನ್ಸಿಲಿನ ತುದಿಯನ್ನಿಟ್ಟಳು.